ತಜ್ಞರು ಹಾಕುವ ಅಂಕ, ದಾಕ್ಷಿಣ್ಯ ಹಾಕುವ ಅಂಕ

ನರ್ಸಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿಗಳ ಪ್ರಬಂಧಗಳು ಸಾಲಾಗಿ ನಿಂತಿರುತ್ತವೆ. ಯಾವುದಾದರೂ ಒಂದನ್ನು ಎಳೆದು ಕೊನೆಯ ಪುಟಗಳನ್ನು ತಿರುವಿ ನೋಡಿ. ಅಲ್ಲಿ ಸಾಮಾನ್ಯವಾಗಿ ವ್ಯಾಲಿಡೇಷನ್ ಸರ್ಟಿಫಿಕೇಟ್ ಎಂಬ ಹಾಳೆ ಇರುತ್ತದೆ. ‘ಈ ವಿದ್ಯಾರ್ಥಿನಿ ತಯಾರಿಸಿದ ಪ್ರಶ್ನಾವಳಿಯನ್ನು ಪರಿಶೀಲಿಸಿದ್ದೇನೆ, ಅಧ್ಯಯನಕ್ಕೆ ತಕ್ಕುದಾಗಿದೆ’ ಎಂಬರ್ಥದ ಎರಡು ಸಾಲು, ಕೆಳಗೆ ತಜ್ಞರ ಸಹಿ, ಸೀಲು. ಪ್ರಬಂಧದ ಮಧ್ಯದಲ್ಲೆಲ್ಲೋ ಇನ್ನೊಂದು ಸಾಲು ಸಿಗುತ್ತದೆ: ಪ್ರಶ್ನಾವಳಿಯ ಸಿವಿಐ 0.92 ಬಂದಿದೆ. ಅದಾದಮೇಲೆ ಆ ಸಂಖ್ಯೆಯ ಸುದ್ದಿಯೇ ಇರುವುದಿಲ್ಲ.

ಸಿವಿಐ ಎಂದರೆ ಕಂಟೆಂಟ್ ವ್ಯಾಲಿಡಿಟಿ ಇಂಡೆಕ್ಸ್. ಕನ್ನಡದಲ್ಲಿ ವಿಷಯ ಸಿಂಧುತ್ವ ಸೂಚ್ಯಂಕ ಎನ್ನಬಹುದು. ಹೆಸರು ಭಾರವಾಗಿದ್ದರೂ ಅದು ಕೇಳುವುದು ಇಷ್ಟೇ. ನಾವು ಯಾವ ಸಂಗತಿಯನ್ನು ಅಳೆಯಬೇಕೆಂದು ಈ ಪ್ರಶ್ನೆಗಳನ್ನು ಬರೆದೆವೋ, ಪ್ರಶ್ನೆಗಳು ಆ ಸಂಗತಿಯನ್ನೇ ಕೇಳುತ್ತಿವೆಯೇ? ರಕ್ತದೊತ್ತಡಕ್ಕೆ ಯಂತ್ರವಿದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ದಾದಿಯರ ಅನುಭವ, ಅಡಚಣೆ, ತಿಳಿವಳಿಕೆ ಇವುಗಳಿಗೆ ಇರುವ ಸಾಧನ ಪ್ರಶ್ನಾವಳಿ ಒಂದೇ. ಅದರೊಳಗೆ ಏನು ಸೇರಬೇಕು ಎಂಬುದನ್ನು ತೀರ್ಮಾನಿಸಲು ಆ ವಿಷಯ ಬಲ್ಲವರ ಅಭಿಪ್ರಾಯ ಕೇಳದೆ ಬೇರೆ ದಾರಿಯಿಲ್ಲ. ಆ ಅಭಿಪ್ರಾಯವನ್ನು ಸಂಖ್ಯೆಗೆ ಇಳಿಸುವ ಲೆಕ್ಕವೇ ಸಿವಿಐ.

ಲೆಕ್ಕ ನಾಲ್ಕನೇ ತರಗತಿಯ ಮಗು ಮಾಡುವಷ್ಟು ಸುಲಭ. ಕಷ್ಟವಿರುವುದು ಅದರ ಹಿಂದುಮುಂದಿನಲ್ಲಿ. ಒಂದು ಕಲ್ಪಿತ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿದರೆ ಅದು ತಾನಾಗಿಯೇ ಕಾಣುತ್ತದೆ.

ಹಾಸಿಗೆ ಹಿಡಿದ ರೋಗಿಗೆ ಬೆನ್ನು, ಸೊಂಟದ ಕೆಳಗಿನ ಮೂಳೆ, ಹಿಮ್ಮಡಿಗಳಲ್ಲಿ ಹುಣ್ಣಾಗುವುದನ್ನು ಮನೆಯಲ್ಲಿ ಹಿರಿಯರನ್ನು ನೋಡಿಕೊಂಡವರೆಲ್ಲ ಬಲ್ಲರು. ಆಸ್ಪತ್ರೆಯಲ್ಲೂ ಎಲ್ಲರ ಬಾಯಲ್ಲಿ ಅದು ಬೆಡ್‌ಸೋರ್. ಮೂಳೆ ಉಬ್ಬಿದ ಜಾಗದಲ್ಲಿ ದೇಹದ ಭಾರ ಹೊತ್ತುಗಟ್ಟಲೆ ಬಿದ್ದರೆ ಅಲ್ಲಿನ ಚರ್ಮಕ್ಕೆ ರಕ್ತ ಸಾಲದೆ ಅದು ಸಾಯುತ್ತದೆ. ಆಗಾಗ ಮಗ್ಗುಲು ಬದಲಿಸಬೇಕು, ಚರ್ಮ ಒಣಗಿರಬೇಕು, ಅಪಾಯವನ್ನು ಮೊದಲೇ ಅಂದಾಜು ಮಾಡಬೇಕು ಎಂಬುದು ಪ್ರತಿಯೊಬ್ಬ ದಾದಿಗೂ ಗೊತ್ತು. ಗೊತ್ತಿದ್ದೂ ಏಕೆ ಆಗುವುದಿಲ್ಲ? ನಮ್ಮ ವಿದ್ಯಾರ್ಥಿನಿ ಹಿಡಿದಿರುವ ವಿಷಯ ಇದು: ವಾರ್ಡಿನಲ್ಲಿ ಬೆಡ್‌ಸೋರ್ ತಡೆಯಲು ದಾದಿಯರಿಗೆ ಎದುರಾಗುವ ಅಡಚಣೆಗಳು. ಅವಳು ಹತ್ತು ಹೇಳಿಕೆಗಳನ್ನು ಬರೆದಿದ್ದಾಳೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಷ್ಟು ಸಿಬ್ಬಂದಿ ಒಂದು ಶಿಫ್ಟಿನಲ್ಲಿ ಇರುವುದಿಲ್ಲ ಎಂಬುದು ಮೊದಲನೆಯದು. ಹುಣ್ಣಿನ ಅಪಾಯ ಅಂದಾಜು ಮಾಡುವ ಬ್ರೇಡನ್ ಸ್ಕೇಲ್ ತುಂಬಲು ಸಮಯ ಸಿಗುವುದಿಲ್ಲ ಎಂಬುದು ಮೂರನೆಯದು. ‘ಈಗ ತಾನೇ ಕಣ್ಣು ಮುಚ್ಚಿದ್ದಾರೆ, ಎಬ್ಬಿಸಬೇಡಿ’ ಎಂದು ಮನೆಯವರು ತಡೆಯುತ್ತಾರೆ ಎಂಬುದು ಆರನೆಯದು. ಹೀಗೆ ಹತ್ತು.

ಇವನ್ನು ವಾರ್ಡಿನ ದಾದಿಯರ ಕೈಗೆ ಕೊಡುವ ಮೊದಲು ತಜ್ಞರಿಗೆ ತೋರಿಸಬೇಕು. ಎಷ್ಟು ಜನರಿಗೆ? 1986ರಲ್ಲಿ ಮೇರಿ ಲಿನ್ ಎಂಬ ಅಮೆರಿಕದ ನರ್ಸಿಂಗ್ ಸಂಶೋಧಕಿ ಬರೆದ ಲೇಖನವೊಂದು ಇಂದಿಗೂ ಈ ವಿಷಯದಲ್ಲಿ ಎಲ್ಲರ ಕೈಪಿಡಿ. ಕನಿಷ್ಠ ಮೂವರು ಬೇಕು, ಹತ್ತಕ್ಕಿಂತ ಹೆಚ್ಚು ಜನ ಬೇಕಾಗಲಿಕ್ಕಿಲ್ಲ ಎಂದು ಅವರು ಹೇಳಿದರು. ನಮ್ಮ ಹುಡುಗಿ ಆರು ಜನರನ್ನು ಆರಿಸಿಕೊಂಡಿದ್ದಾಳೆ. ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಕಲಿಸುವ ಪ್ರಾಧ್ಯಾಪಕಿ, ಐಸಿಯುವಿನ ಇನ್‌ಚಾರ್ಜ್ ಸಿಸ್ಟರ್, ಗಾಯದ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದ ದಾದಿ, ಪ್ಲಾಸ್ಟಿಕ್ ಸರ್ಜನ್, ಫಿಸಿಯೋಥೆರಪಿಸ್ಟ್ ಮತ್ತು ಆರ್ಥೋ ವಾರ್ಡಿನಲ್ಲಿ ಬಹುಕಾಲ ದುಡಿದ ಹಿರಿಯ ಸ್ಟಾಫ್ ನರ್ಸ್.

ಈ ಪಟ್ಟಿಯಲ್ಲಿ ಸಂಖ್ಯಾಶಾಸ್ತ್ರಜ್ಞರಿಲ್ಲ ಎಂಬುದನ್ನು ಗಮನಿಸಿ. ನಮ್ಮ ಕಡೆ ತಜ್ಞರ ಪಟ್ಟಿಯಲ್ಲಿ ಒಬ್ಬ ಸ್ಟ್ಯಾಟಿಸ್ಟಿಷಿಯನ್ ಇರಲೇಬೇಕು ಎಂಬ ರೂಢಿಯಿದೆ. ಅವರ ಸಲಹೆ ಬೇರೆ ಕಡೆ ಬಹಳ ಬೇಕು, ಉದಾಹರಣೆಗೆ ಎಷ್ಟು ದಾದಿಯರನ್ನು ಕೇಳಬೇಕು, ಉತ್ತರಗಳನ್ನು ಹೇಗೆ ವಿಶ್ಲೇಷಿಸಬೇಕು ಎಂಬಲ್ಲಿ. ಆದರೆ ರಾತ್ರಿ ಪಾಳಿಯಲ್ಲಿ ಎಂಬತ್ತು ಕಿಲೋ ತೂಕದ ರೋಗಿಯನ್ನು ಒಬ್ಬಳೇ ತಿರುಗಿಸುವುದು ಎಷ್ಟು ದೊಡ್ಡ ಅಡಚಣೆ ಎಂಬುದಕ್ಕೆ ಅವರು ಅಂಕ ಹಾಕಿದರೆ ಅದು ಊಹೆಯ ಅಂಕ. ಹಾಗೆ ನೋಡಿದರೆ, ಪದವಿಯ ಉದ್ದ ನೋಡದೆ ಆರ್ಥೋ ವಾರ್ಡಿನ ಸ್ಟಾಫ್ ನರ್ಸನ್ನು ಸೇರಿಸಿಕೊಂಡದ್ದು ಈ ಹುಡುಗಿ ಮಾಡಿದ ಜಾಣತನ.

ತಜ್ಞರಿಗೆ ಕಳಿಸುವ ಹಾಳೆಯಲ್ಲಿ ಬರೀ ಹತ್ತು ಹೇಳಿಕೆಗಳಿದ್ದರೆ ಸಾಲದು. ಅಡಚಣೆ ಎಂದರೆ ಈ ಅಧ್ಯಯನದಲ್ಲಿ ಏನರ್ಥ, ಅದರಲ್ಲಿ ಯಾವ ಯಾವ ಭಾಗಗಳು ಸೇರುತ್ತವೆ ಎಂಬುದನ್ನು ಮೇಲೆ ನಾಲ್ಕು ಸಾಲಿನಲ್ಲಿ ಬರೆದಿರಬೇಕು. ಇಲ್ಲಿ ಜನಬಲ, ಸಾಮಗ್ರಿ, ತಿಳಿವಳಿಕೆ, ರೋಗಿ ಮತ್ತು ಮನೆಯವರು ಎಂಬ ನಾಲ್ಕು ಭಾಗಗಳಿವೆ ಎಂದುಕೊಳ್ಳೋಣ. ಈ ವಿವರಣೆ ಕೊಡದಿದ್ದರೆ ಪ್ರತಿಯೊಬ್ಬ ತಜ್ಞರೂ ತಮ್ಮ ಮನಸ್ಸಿನಲ್ಲಿರುವ ಬೇರೆ ಬೇರೆ ಅರ್ಥಕ್ಕೆ ಅಂಕ ಹಾಕಿ ಕಳಿಸುತ್ತಾರೆ. ಆಮೇಲೆ ಅವರು ಒಪ್ಪಿದ್ದು ಯಾವುದಕ್ಕೆ ಎಂದು ಯಾರಿಗೂ ತಿಳಿಯುವುದಿಲ್ಲ.

ಪ್ರತಿ ಹೇಳಿಕೆಯ ಮುಂದೆ ನಾಲ್ಕು ಅಂಕಗಳ ಅಳತೆ ಇರುತ್ತದೆ. ವಿಷಯಕ್ಕೆ ಸಂಬಂಧವೇ ಇಲ್ಲ ಎಂದರೆ 1, ಸ್ವಲ್ಪ ಸಂಬಂಧವಿದೆ ಎಂದರೆ 2, ಸಾಕಷ್ಟು ಸಂಬಂಧವಿದೆ ಎಂದರೆ 3, ಬಹಳ ಸಂಬಂಧವಿದೆ ಎಂದರೆ 4. ಐದು ಅಂಕ ಕೊಟ್ಟರೆ ನಡುವಿನ ಮೂರಕ್ಕೆ ಗುರುತು ಹಾಕಿ ಪಾರಾಗುವ ಅವಕಾಶವಿರುತ್ತದೆ. ನಾಲ್ಕರಲ್ಲಿ ಆ ನಡುಮನೆ ಇಲ್ಲ. ತಜ್ಞರು ಆಚೆಗೋ ಈಚೆಗೋ ನಿಲ್ಲಲೇಬೇಕು. ಲೆಕ್ಕಕ್ಕೆ ಬೇಕಾದದ್ದೂ ಅದೇ: 3 ಅಥವಾ 4 ಬಂದರೆ ಒಪ್ಪಿಗೆ, 1 ಅಥವಾ 2 ಬಂದರೆ ಒಪ್ಪಿಗೆಯಿಲ್ಲ.

ಈಗ ಆರು ಹಾಳೆಗಳೂ ವಾಪಸು ಬಂದಿವೆ. ಒಂದು ಹೇಳಿಕೆಯ ಸಿವಿಐ ಎಂದರೆ ಅದಕ್ಕೆ 3 ಅಥವಾ 4 ಕೊಟ್ಟವರ ಸಂಖ್ಯೆಯನ್ನು ಒಟ್ಟು ತಜ್ಞರ ಸಂಖ್ಯೆಯಿಂದ ಭಾಗಿಸಿದಾಗ ಬರುವುದು. ಮೊದಲ ಐದು ಹೇಳಿಕೆಗಳಿಗೂ ಹತ್ತನೆಯದಕ್ಕೂ ಆರೂ ಜನ 3 ಅಥವಾ 4 ಕೊಟ್ಟಿದ್ದಾರೆ. ಆರನ್ನು ಆರರಿಂದ ಭಾಗಿಸಿದರೆ 1.00. ಆರನೆಯ ಹೇಳಿಕೆಗೆ ಐಸಿಯು ಸಿಸ್ಟರ್ 2 ಕೊಟ್ಟಿದ್ದಾರೆ, ಉಳಿದ ಐವರು ಒಪ್ಪಿದ್ದಾರೆ. ಐದು ಭಾಗಿಸು ಆರು, 0.83. ಏಳನೆಯದಕ್ಕೂ 0.83. ಎಂಟನೆಯದಕ್ಕೆ ಒಪ್ಪಿದವರು ನಾಲ್ಕೇ ಜನ, 0.67. ಒಂಬತ್ತನೆಯದಕ್ಕೆ ಇಬ್ಬರು ಮಾತ್ರ, 0.33.

ಎಕ್ಸೆಲ್‌ನಲ್ಲಿ ಆರು ತಜ್ಞರ ಅಂಕಗಳು ಬಿ ಇಂದ ಜಿ ವರೆಗಿನ ಕಾಲಂಗಳಲ್ಲಿದ್ದರೆ ಒಂದೇ ಸಾಲು ಸಾಕು:

```
=COUNTIF(B2:G2,">=3")/COUNT(B2:G2)
```

ಯಾರಾದರೂ ಒಂದು ಹೇಳಿಕೆಗೆ ಅಂಕ ಹಾಕುವುದನ್ನು ಮರೆತಿದ್ದರೆ ಈ ಸೂತ್ರ ಅವರನ್ನು ಲೆಕ್ಕದಿಂದ ಬಿಡುತ್ತದೆ, ಐವರಿಂದಲೇ ಭಾಗಿಸುತ್ತದೆ. ಹಾಗಾದಲ್ಲಿ ವರದಿಯಲ್ಲಿ ಅದನ್ನು ಹೇಳಬೇಕು. ಅದಕ್ಕಿಂತ ಒಂದು ಫೋನ್ ಮಾಡಿ ಕೇಳಿಬಿಡುವುದು ಮೇಲು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ತಜ್ಞರ ಅಂಕಗಳ ಸರಾಸರಿ ತೆಗೆದುಬಿಡುತ್ತಾರೆ. ಎಂಟನೆಯ ಹೇಳಿಕೆಗೆ ಬಂದ ಅಂಕಗಳು 4, 2, 3, 2, 4, 3. ಕೂಡಿದರೆ 18, ಸರಾಸರಿ 3. ‘ಸಾಕಷ್ಟು ಸಂಬಂಧವಿದೆ’ ಎಂದು ಸರಾಸರಿ ಹೇಳುತ್ತದೆ, ಹೇಳಿಕೆ ಪಾಸಾಗುತ್ತದೆ. ಆರೂ ಜನ ಮೂರು ಮೂರೇ ಕೊಟ್ಟಿದ್ದರೂ ಸರಾಸರಿ ಅಷ್ಟೇ ಬರುತ್ತಿತ್ತು. ಆದರೆ ಆಗ ಸಿವಿಐ 1.00 ಇರುತ್ತಿತ್ತು, ಈಗ 0.67 ಇದೆ. ಇಬ್ಬರು ಧಾರಾಳಿಗಳು ಕೊಟ್ಟ ನಾಲ್ಕು ಅಂಕ ಇಬ್ಬರು ಎತ್ತಿದ ತಕರಾರನ್ನು ಮುಚ್ಚಿಹಾಕುತ್ತದೆ. ಸಿವಿಐ ಹುಟ್ಟಿದ್ದೇ ಆ ತಕರಾರನ್ನು ಎದುರಿಗೆ ತಂದು ನಿಲ್ಲಿಸುವುದಕ್ಕೆ.

ಎಷ್ಟು ಬಂದರೆ ಪಾಸು? ಲಿನ್ ಅವರ ಸೂತ್ರದಲ್ಲಿ ತಜ್ಞರು ಐವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲ್ಲರೂ ಒಪ್ಪಲೇಬೇಕು, ಅಂದರೆ 1.00. ಆರು ಅಥವಾ ಹೆಚ್ಚು ಇದ್ದರೆ ಸ್ವಲ್ಪ ಭಿನ್ನಾಭಿಪ್ರಾಯಕ್ಕೆ ಜಾಗವಿದೆ, ಸುಮಾರು 0.78ರ ಮೇಲಿರಬೇಕು. ಆರು ಜನರಲ್ಲಿ ಒಬ್ಬರು ಒಪ್ಪದಿದ್ದರೆ ನಡೆಯುತ್ತದೆ, ಇಬ್ಬರು ಒಪ್ಪದಿದ್ದರೆ ನಡೆಯುವುದಿಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ತಜ್ಞರು ಹೇಳಿಕೆಯನ್ನು ಓದದೆ ಕಣ್ಣುಮುಚ್ಚಿ ಗುರುತು ಹಾಕಿದರು ಎಂದುಕೊಳ್ಳಿ. ಒಪ್ಪಿಗೆ, ಒಪ್ಪಿಗೆಯಿಲ್ಲ ಎರಡಕ್ಕೂ ಸಮಾನ ಅವಕಾಶ. ಮೂವರು ಹೀಗೆ ಮಾಡಿದರೂ ಮೂವರೂ ಒಪ್ಪಿದಂತೆ ಕಾಣುವ ಸಂಭವ ಎಂಟರಲ್ಲಿ ಒಂದು. ಆರು ಜನರಲ್ಲಿ ಸರಿಯಾಗಿ ನಾಲ್ವರು ಆಕಸ್ಮಿಕವಾಗಿ ಒಪ್ಪುವ ಸಂಭವ ಅರವತ್ತನಾಲ್ಕರಲ್ಲಿ ಹದಿನೈದು, ಅಂದರೆ ಸುಮಾರು 0.23. ಐವರು ಒಪ್ಪುವುದು ಅರವತ್ತನಾಲ್ಕರಲ್ಲಿ ಆರು, 0.09. ಈ ಆಕಸ್ಮಿಕದ ಪಾಲನ್ನು ಕಳೆದು ಲೆಕ್ಕ ಹಾಕುವ ಕ್ರಮವನ್ನು ಡೆನಿಸ್ ಪೋಲಿಟ್, ಶೆರಿಲ್ ಬೆಕ್ ಮತ್ತು ಸ್ಟೀವನ್ ಓವೆನ್ 2007ರಲ್ಲಿ ಮುಂದಿಟ್ಟರು. ಅದಕ್ಕೆ ತಿದ್ದಿದ ಕಪ್ಪಾ ಎಂದು ಹೆಸರು. ಸಿವಿಐಯಿಂದ ಆಕಸ್ಮಿಕದ ಪಾಲನ್ನು ಕಳೆದು, ಒಂದರಿಂದ ಆಕಸ್ಮಿಕದ ಪಾಲನ್ನು ಕಳೆದು ಉಳಿದದ್ದರಿಂದ ಅದನ್ನು ಭಾಗಿಸಬೇಕು. ಹಾಗೆ ಮಾಡಿದರೆ 0.83 ಎಂಬುದು 0.82 ಆಗುತ್ತದೆ, ಬಹುತೇಕ ಅಲುಗುವುದೇ ಇಲ್ಲ. 0.67 ಮಾತ್ರ 0.56ಕ್ಕೆ ಕುಸಿಯುತ್ತದೆ. 0.74ರ ಮೇಲಿದ್ದರೆ ಅತ್ಯುತ್ತಮ, 0.60ರ ಕೆಳಗಿದ್ದರೆ ಸಾಧಾರಣ ಎಂಬುದು ಅವರು ಬಳಸಿದ ಅಳತೆ. ನಮ್ಮ ಎಂಟನೆಯ ಹೇಳಿಕೆ ಸಾಧಾರಣದ ಪಂಕ್ತಿಗೆ ಬಂತು.

ಇಷ್ಟರಲ್ಲಿ ಲೆಕ್ಕ ಮುಗಿಯಿತು, ಕೆಲಸ ಶುರುವಾಯಿತು.

ಎಂಟನೆಯ ಹೇಳಿಕೆ ಹೀಗಿತ್ತು: ‘ಏರ್ ಬೆಡ್ ಮತ್ತು ಕ್ರೀಮು ವಾರ್ಡಿನಲ್ಲಿ ಬೇಕಾದಾಗ ಸಿಗುವುದಿಲ್ಲ.’ 2 ಕೊಟ್ಟ ಐಸಿಯು ಸಿಸ್ಟರಿಗೆ ವಿದ್ಯಾರ್ಥಿನಿ ಫೋನ್ ಮಾಡುತ್ತಾಳೆ.

“ಮೇಡಂ, ಎಂಟನೇದಕ್ಕೆ ಎರಡು ಹಾಕಿದ್ದೀರಲ್ಲ, ಸಾಮಗ್ರಿ ಸಿಗದೇ ಇರೋದು ಅಡಚಣೆ ಅಲ್ವಾ?”

“ಅಡಚಣೆನೇ ಕಣಮ್ಮ. ಆದ್ರೆ ನಮ್ಮ ಐಸಿಯೂಲಿ ಏರ್ ಬೆಡ್ಡಿಗೆ ಏನೂ ಬರ ಇಲ್ಲ. ಕ್ರೀಮು ಬೇಕಂದ್ರೆ ಇಂಡೆಂಟ್ ಹಾಕಿ ಕಾಯ್ಬೇಕು. ಈಗ ನಿನ್ನ ಪ್ರಶ್ನೆಗೆ ನಮ್ಮ ಹುಡುಗೀರು ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ?”

ಪ್ಲಾಸ್ಟಿಕ್ ಸರ್ಜನ್ ತಮ್ಮ ಹಾಳೆಯ ಅಂಚಿನಲ್ಲಿ ಎರಡೇ ಪದ ಬರೆದಿದ್ದಾರೆ: ಯಾವ ಕ್ರೀಮು? ಮಲಮೂತ್ರದ ಒದ್ದೆಯಿಂದ ಚರ್ಮವನ್ನು ಕಾಯಲು ಹಚ್ಚುವ ಬ್ಯಾರಿಯರ್ ಕ್ರೀಮೋ, ಮೈಗೆ ತಿಕ್ಕುವ ಇನ್ನಾವುದೋ ಎಂದು ಅವರ ಪ್ರಶ್ನೆ. ಇಬ್ಬರ ತಕರಾರೂ ಬೇರೆ ಬೇರೆ, ಇಬ್ಬರದೂ ಸರಿ. ಹೇಳಿಕೆಯನ್ನು ಕಿತ್ತುಹಾಕಬೇಕಾಗಿಲ್ಲ, ಒಡೆಯಬೇಕಾಗಿದೆ. ಏರ್ ಬೆಡ್ಡಿಗೆ ಒಂದು, ಬ್ಯಾರಿಯರ್ ಕ್ರೀಮಿಗೆ ಒಂದು. 0.67 ಎಂಬ ಸಂಖ್ಯೆ ‘ಇಲ್ಲಿ ನೋಡು’ ಎಂದು ಬೆರಳು ತೋರಿಸಿತಷ್ಟೆ. ಏನು ನೋಡಬೇಕು ಎಂದು ಹೇಳಿದ್ದು ಒಂದು ಫೋನ್ ಕರೆ ಮತ್ತು ಅಂಚಿನಲ್ಲಿ ಬರೆದ ಎರಡು ಪದ.

ಒಂಬತ್ತನೆಯದು ಇನ್ನೂ ಸ್ವಾರಸ್ಯಕರ. ‘ಕೆಂಪಾದ ಜಾಗಕ್ಕೆ ಪೌಡರ್ ಹಾಕಿ ತಿಕ್ಕಲು ಸಮಯ ಸಿಗುವುದಿಲ್ಲ’ ಎಂದು ವಿದ್ಯಾರ್ಥಿನಿ ಬರೆದಿದ್ದಳು. ಬ್ಯಾಕ್ ಕೇರ್ ಎಂದರೆ ಸ್ಪಿರಿಟು, ಪೌಡರು, ಬೆನ್ನು ತಿಕ್ಕುವುದು ಎಂದು ಕಲಿತ ತಲೆಮಾರುಗಳು ನಮ್ಮ ಆಸ್ಪತ್ರೆಗಳಲ್ಲಿವೆ. ಈಗಿನ ಮಾರ್ಗಸೂಚಿಗಳು ಇದಕ್ಕೆ ವಿರುದ್ಧ. ಒತ್ತಡ ಬಿದ್ದು ಕೆಂಪಾದ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಆಗಲೇ ಜಖಂ ಆಗಿರಬಹುದು, ತಿಕ್ಕಿದರೆ ಗಾಯ ಹೆಚ್ಚುತ್ತದೆ, ಆದ್ದರಿಂದ ತಿಕ್ಕಬಾರದು. ಗಾಯದ ಆರೈಕೆಯ ದಾದಿ ಇದಕ್ಕೆ 1 ಕೊಟ್ಟು ‘ಇದು ಮಾಡಬಾರದ ಕೆಲಸ, ಇದಕ್ಕೆ ಸಮಯ ಸಿಗದಿರುವುದೇ ಒಳ್ಳೆಯದು’ ಎಂದು ಬರೆದಿದ್ದಾರೆ. ಮೂವರು 2 ಕೊಟ್ಟಿದ್ದಾರೆ. ಫಿಸಿಯೋಥೆರಪಿಸ್ಟ್ ಮತ್ತು ಆರ್ಥೋ ವಾರ್ಡಿನ ಹಿರಿಯರು 3 ಕೊಟ್ಟಿದ್ದಾರೆ. ಹೇಳಿಕೆಯನ್ನು ಕೈಬಿಡಲಾಯಿತು.

ಆದರೆ ಆರು ಜನರೂ ಹಳೆಯ ಪಾಠ ಓದಿದವರೇ ಆಗಿದ್ದರೆ? ಆರೂ ಜನ 4 ಕೊಡುತ್ತಿದ್ದರು, ಸಿವಿಐ 1.00 ಬರುತ್ತಿತ್ತು, ಕಪ್ಪಾ ಕೂಡ ಅದನ್ನು ಅತ್ಯುತ್ತಮ ಎನ್ನುತ್ತಿತ್ತು. ತಪ್ಪು ಪದ್ಧತಿಯೊಂದು ಪ್ರಶ್ನಾವಳಿಯೊಳಗೆ ಸರ್ಟಿಫಿಕೇಟ್ ಸಮೇತ ಕುಳಿತುಕೊಳ್ಳುತ್ತಿತ್ತು. ಸಿವಿಐ ಅಳೆಯುವುದು ತಜ್ಞರ ನಡುವಿನ ಒಮ್ಮತವನ್ನು. ಒಮ್ಮತ ಸರಿಯೋ ತಪ್ಪೋ ಎಂದು ಅದಕ್ಕೆ ತಿಳಿಯದು. ಒಂದೇ ಕಾಲೇಜಿನ ಒಂದೇ ವಿಭಾಗದಿಂದ ಐವರು ತಜ್ಞರನ್ನು ಹಿಡಿದು ತರುವವರು ಇದನ್ನು ಯೋಚಿಸಿರುವುದಿಲ್ಲ.

ಆರು ಮತ್ತು ಏಳನೆಯ ಹೇಳಿಕೆಗಳು 0.83 ಪಡೆದು ಪಾಸಾಗಿವೆ, ಆದರೂ ಒಪ್ಪದವರ ಕಾರಣ ಕೇಳುವುದು ಲಾಭ. ಮನೆಯವರು ತಡೆಯುತ್ತಾರೆ ಎಂಬ ಹೇಳಿಕೆಗೆ ಐಸಿಯು ಸಿಸ್ಟರ್ 2 ಕೊಟ್ಟದ್ದಕ್ಕೆ ಕಾರಣ, ಐಸಿಯುವಿನಲ್ಲಿ ಮನೆಯವರು ಹಾಸಿಗೆ ಪಕ್ಕ ಕೂತಿರುವುದೇ ಇಲ್ಲ. ಜನರಲ್ ವಾರ್ಡಿನಲ್ಲಿ ಅದು ದಿನನಿತ್ಯದ ಮಾತು. ಹೇಳಿಕೆ ಉಳಿಯಬೇಕು, ಆದರೆ ಐಸಿಯು ದಾದಿಯರಿಗೆ ‘ನನಗೆ ಅನ್ವಯಿಸುವುದಿಲ್ಲ’ ಎಂಬ ಆಯ್ಕೆಯೊಂದು ಬೇಕು. ವೈದ್ಯರ ಆರ್ಡರ್ ಇಲ್ಲದೆ ಮಗ್ಗುಲು ಬದಲಿಸಲು ಹಿಂಜರಿಕೆಯಾಗುತ್ತದೆ ಎಂಬ ಏಳನೆಯದಕ್ಕೆ 2 ಕೊಟ್ಟವರು ಸರ್ಜನ್. ಅದಕ್ಕೆ ಯಾರ ಆರ್ಡರೂ ಬೇಕಿಲ್ಲ ಎಂಬುದು ಅವರ ವಾದ. ಬೇಕಿಲ್ಲ ಎಂದು ಡಾಕ್ಟರಿಗೆ ಗೊತ್ತಿರುವುದು ಒಂದು, ಸೊಂಟದ ಮೂಳೆಯ ಆಪರೇಷನ್ ಆದ ರೋಗಿಯನ್ನು ತಿರುಗಿಸಲು ಹೊಸ ದಾದಿಯ ಕೈ ನಡುಗುವುದು ಇನ್ನೊಂದು. ಈ ಹೇಳಿಕೆಯನ್ನು ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಇನ್ನೊಂದು ಸಂಗತಿ ಅಂಕಗಳಲ್ಲಿ ಕಾಣುವುದೇ ಇಲ್ಲ. ಹಾಳೆಯ ಕೊನೆಯಲ್ಲಿ ‘ಏನಾದರೂ ಬಿಟ್ಟುಹೋಗಿದೆಯೇ’ ಎಂದು ವಿದ್ಯಾರ್ಥಿನಿ ಕೇಳಿದ್ದಳು. ಗಾಯದ ಆರೈಕೆಯ ದಾದಿ ಬರೆದರು: ‘ಆಕ್ಸಿಜನ್ ಮಾಸ್ಕು, ಮೂಗಿನ ಟ್ಯೂಬು ಒತ್ತಿ ಕಿವಿ ಹಿಂದೆ, ಮೂಗಿನ ಮೇಲೆ ಆಗುವ ಹುಣ್ಣಿನ ಬಗ್ಗೆ ಒಂದೂ ಪ್ರಶ್ನೆ ಇಲ್ಲ.’ ಉಪಕರಣದ ಒತ್ತಡದಿಂದ ಆಗುವ ಹುಣ್ಣು ಕೂಡ ಇದೇ ಜಾತಿಯದು, ಐಸಿಯುವಿನಲ್ಲಿ ಅದು ಸಾಮಾನ್ಯ. ಇಲ್ಲದ ಪ್ರಶ್ನೆಗೆ ಯಾರೂ ಅಂಕ ಹಾಕಲಾರರು. ಇದ್ದ ಹತ್ತಕ್ಕೂ 1.00 ಬಂದಿದ್ದರೂ ಪ್ರಶ್ನಾವಳಿ ಅರೆಬರೆಯೇ ಆಗಿರುತ್ತಿತ್ತು. ಆ ಒಂದು ಖಾಲಿ ಸಾಲನ್ನು ಹಾಳೆಯಲ್ಲಿ ಬಿಡದಿದ್ದರೆ ಈ ಕೊರತೆ ಪತ್ತೆಯೇ ಆಗುತ್ತಿರಲಿಲ್ಲ.

ಈಗ ಇಡೀ ಪ್ರಶ್ನಾವಳಿಯ ಸಿವಿಐಗೆ ಬರೋಣ. ಪ್ರಬಂಧದ ಮಧ್ಯದಲ್ಲಿ ಕಾಣುವ ಒಂಟಿ ಸಂಖ್ಯೆ ಇದೇ. ಇದನ್ನು ಲೆಕ್ಕಹಾಕಲು ಎರಡು ದಾರಿಗಳಿವೆ, ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು, ಎಲ್ಲ ಹೇಳಿಕೆಗಳ ಸಿವಿಐಗಳ ಸರಾಸರಿ. ಮೊದಲ ಸುತ್ತಿನಲ್ಲಿ ಬಂದ ಒಟ್ಟು 60 ಅಂಕಗಳಲ್ಲಿ 52 ಒಪ್ಪಿಗೆಗಳಿವೆ, ಅಂದರೆ 0.87. ಎರಡನೆಯದು, ಎಲ್ಲ ತಜ್ಞರೂ ಒಪ್ಪಿದ ಹೇಳಿಕೆಗಳೆಷ್ಟು ಎಂದು ಎಣಿಸುವುದು. ಹತ್ತರಲ್ಲಿ ಆರು, ಅಂದರೆ 0.60. ಅದೇ ಆರು ಹಾಳೆ, ಅದೇ ಅಂಕ. ಒಂದು ದಾರಿಯಲ್ಲಿ ಗೌರವದ ಸಂಖ್ಯೆ, ಇನ್ನೊಂದರಲ್ಲಿ ಮುಖ ತಗ್ಗಿಸುವ ಸಂಖ್ಯೆ.

ಪೋಲಿಟ್ ಮತ್ತು ಬೆಕ್ 2006ರಲ್ಲಿ ಈ ಗೊಂದಲವನ್ನೇ ಹಿಡಿದು ಒಂದು ಲೇಖನ ಬರೆದರು. ಸಂಶೋಧಕರು ಸಿವಿಐ ಇಷ್ಟು ಎಂದು ಬರೆಯುತ್ತಾರೆ, ಯಾವ ದಾರಿಯಲ್ಲಿ ತೆಗೆದದ್ದು ಎಂದು ಬಹುಪಾಲು ಹೇಳುವುದಿಲ್ಲ ಎಂಬುದು ಅವರ ದೂರು. ಎಲ್ಲರ ಒಪ್ಪಿಗೆ ಕೇಳುವ ಎರಡನೆಯ ದಾರಿಗೆ ಒಂದು ದೋಷವಿದೆ. ತಜ್ಞರು ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಪ್ರತಿಯೊಬ್ಬ ತಜ್ಞರೂ ಒಂದು ಹೇಳಿಕೆಯನ್ನು ಒಪ್ಪುವ ಸಂಭವ ಹತ್ತರಲ್ಲಿ ಒಂಬತ್ತು ಎಂದುಕೊಳ್ಳಿ. ಮೂವರೂ ಒಪ್ಪುವ ಸಂಭವ 0.73. ಹತ್ತು ಜನರೂ ಒಪ್ಪುವ ಸಂಭವ 0.35 ಮಾತ್ರ. ಹೇಳಿಕೆ ಅದೇ, ಗುಣ ಅದೇ, ಹೆಚ್ಚು ಜನರನ್ನು ಕೇಳಿದ ತಪ್ಪಿಗೆ ಅಂಕ ಕಡಿಮೆ. ಆದ್ದರಿಂದ ಅವರು ಸರಾಸರಿಯ ದಾರಿಯನ್ನು ಮೆಚ್ಚಿದರು, ಆದರೆ 0.80 ಸಾಲದು, 0.90 ಬೇಕು ಎಂದು ಪಟ್ಟು ಹಿಡಿದರು.

ಸರಾಸರಿಗೂ ತನ್ನದೇ ಕಳ್ಳದಾರಿ ಇದೆ. ಇಪ್ಪತ್ತು ಸುಲಭದ ಹೇಳಿಕೆಗಳ ನಡುವೆ 0.33ರ ಒಂದು ಹೇಳಿಕೆ ಅವಿತುಕೊಂಡರೂ ಸರಾಸರಿ 0.96ರ ಮೇಲೆಯೇ ಇರುತ್ತದೆ. ಅದಕ್ಕೇ ಇಡೀ ಪ್ರಶ್ನಾವಳಿಯ ಸಂಖ್ಯೆಯನ್ನು ಕೊಡುವವರು ಒಂದೊಂದು ಹೇಳಿಕೆಯ ಸಿವಿಐಯನ್ನೂ ಕೊಡಬೇಕು, ಕನಿಷ್ಠ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದಾದರೂ ಹೇಳಬೇಕು.

ನಮ್ಮ ಉದಾಹರಣೆಯಲ್ಲಿ ಎರಡನೆಯ ಸುತ್ತು ನಡೆಯಿತು. ಒಂಬತ್ತನೆಯದು ಹೋಯಿತು, ಎಂಟನೆಯದು ಎರಡಾಯಿತು, ಮಾಸ್ಕು ಮತ್ತು ಟ್ಯೂಬಿನ ಹೊಸ ಹೇಳಿಕೆ ಸೇರಿತು. ಒಟ್ಟು ಹನ್ನೊಂದು. ಹೊಸ ಮೂರನ್ನು ಮಾತ್ರ ಅದೇ ಆರು ಜನರಿಗೆ ಮತ್ತೆ ಕಳಿಸಲಾಯಿತು. ಏರ್ ಬೆಡ್ಡಿನದಕ್ಕೆ ಆರೂ ಜನ, ಕ್ರೀಮಿನದಕ್ಕೆ ಐವರು, ಟ್ಯೂಬಿನದಕ್ಕೆ ಆರೂ ಜನ ಒಪ್ಪಿದರು. ಈಗ 66 ಅಂಕಗಳಲ್ಲಿ 63 ಒಪ್ಪಿಗೆ, ಸರಾಸರಿ 0.95. ಎಲ್ಲರೂ ಒಪ್ಪಿದವು ಹನ್ನೊಂದರಲ್ಲಿ ಎಂಟು, 0.73. ಯಾವ ಹೇಳಿಕೆಯೂ 0.83ಕ್ಕಿಂತ ಕೆಳಗಿಲ್ಲ.

ಇಲ್ಲಿಯವರೆಗೆ ತಜ್ಞರೆಲ್ಲರೂ ಓದಿ, ಯೋಚಿಸಿ ಅಂಕ ಹಾಕಿದ್ದಾರೆ ಎಂದು ನಂಬಿ ಮಾತನಾಡಿದೆವು. ವಾಸ್ತವದಲ್ಲಿ ನಮ್ಮ ನಡುವೆ ಈ ಲೆಕ್ಕವನ್ನು ಕೆಡಿಸುವುದು ಗಣಿತವಲ್ಲ, ದಾಕ್ಷಿಣ್ಯ. ಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಿದೆ, ಗೈಡ್ ಮೇಡಂ ಪರಿಚಯದವರು, ಹುಡುಗಿ ಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದಾಳೆ. ‘ಪಾಪ, ಏನಕ್ಕೆ ತೊಂದರೆ ಕೊಡೋದು’ ಎಂದು ಸಾಲಾಗಿ ನಾಲ್ಕು ನಾಲ್ಕು ಹಾಕಿ ಸಹಿ ಮಾಡಿ ಕೊಡುತ್ತಾರೆ. ಸಿವಿಐ 1.00.

ಇಂಥ ಹಾಳೆಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂಕ, ಒಂದೂ ಟಿಪ್ಪಣಿಯಿಲ್ಲ, ಕಣ್ಣಿಗೆ ರಾಚುವ ಅಕ್ಷರದೋಷವನ್ನೂ ತಿದ್ದಿಲ್ಲ, ಹಾಳೆ ಕೊಟ್ಟ ಹೊತ್ತಿಗೇ ವಾಪಸು. ಎಲ್ಲ ತಜ್ಞರ ಹಾಳೆಗಳೂ ಹೀಗಿದ್ದರೆ ಆ 1.00ಕ್ಕೆ ಬೆಲೆಯಿಲ್ಲ. ತಡೆಯಲು ಕೆಲವು ಸಣ್ಣ ಉಪಾಯಗಳಿವೆ. ಸಂಬಂಧ ಎಷ್ಟಿದೆ ಎಂಬುದಕ್ಕೊಂದು ಕಾಲಂ, ಭಾಷೆ ಸ್ಪಷ್ಟವಾಗಿದೆಯೇ ಎಂಬುದಕ್ಕೆ ಬೇರೆ ಕಾಲಂ ಇಡುವುದು ಒಂದು. ವಿಷಯ ಸರಿಯಿದೆ, ಮಾತು ಸರಿಯಿಲ್ಲ ಎನ್ನಲು ದಾಕ್ಷಿಣ್ಯವಂತರಿಗೂ ಸುಲಭವಾಗುತ್ತದೆ. ಇನ್ನೊಂದು, ‘1 ಅಥವಾ 2 ಕೊಟ್ಟರೆ ಕಾರಣ ಬರೆಯಿರಿ’ ಎಂಬ ಸೂಚನೆಯನ್ನು ತೆಗೆಯುವುದು. ಇದು ಅನೇಕ ಹಾಳೆಗಳಲ್ಲಿ ಇರುತ್ತದೆ, ನೋಡಲು ಸರಿಯೆನಿಸುತ್ತದೆ. ಆದರೆ ಬರೆಯುವ ಶ್ರಮ ತಪ್ಪಿಸಲು 3 ಹಾಕಿದರೆ ಸಾಕು ಎಂದು ಅದು ತಾನೇ ಹೇಳಿಕೊಡುತ್ತದೆ. ಟಿಪ್ಪಣಿಗೆ ಜಾಗ ಎಲ್ಲ ಹೇಳಿಕೆಗಳ ಮುಂದೆಯೂ ಇರಲಿ, ಎಲ್ಲಕ್ಕೂ ಕೇಳಿರಿ. ಹಾಳೆಯನ್ನು ವಿದ್ಯಾರ್ಥಿನಿ ಕೈಯಾರೆ ತಂದು ಎದುರಲ್ಲಿ ನಿಲ್ಲುವ ಬದಲು ಕಳುಹಿಸಿ, ವಾರದ ಗಡುವು ಕೊಟ್ಟರೆ ಇನ್ನೂ ಒಳ್ಳೆಯದು. ತನ್ನದೇ ಕಾಲೇಜಿನವರನ್ನು ಪಟ್ಟಿಯಿಂದ ಆದಷ್ಟು ಹೊರಗಿಡಬೇಕು.

ಕೊನೆಗೆ ಕನ್ನಡಕ್ಕೇ ಸಂಬಂಧಿಸಿದ ಒಂದು ತೊಡಕು. ತಜ್ಞರಿಗೆ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ತೋರಿಸಿ, ಅಂಕ ಪಡೆದು, ಆಮೇಲೆ ಕನ್ನಡಕ್ಕೆ ಅನುವಾದ ಮಾಡಿಸಿ ದಾದಿಯರಿಗೋ ರೋಗಿಗಳಿಗೋ ಕೊಡುವ ಪರಿಪಾಠ ನಮ್ಮಲ್ಲಿದೆ. ಆಗ 0.95 ಎಂಬುದು ಇಂಗ್ಲಿಷ್ ಪ್ರತಿಯ ಅಂಕ. ವಾರ್ಡಿನಲ್ಲಿ ಓದುವ ಪ್ರತಿಗೆ ಯಾರೂ ಅಂಕ ಹಾಕಿಲ್ಲ. ಅನುವಾದಕರು ‘ಪೊಸಿಷನ್ ಚೇಂಜ್’ ಎಂಬುದನ್ನು ‘ಸ್ಥಾನ ಬದಲಾವಣೆ’ ಎಂದು ಬರೆದರೆ, ಓದಿದ ದಾದಿಗೆ ರೋಗಿಯನ್ನು ಬೇರೆ ಮಂಚಕ್ಕೆ ಹಾಕುವುದು ಎನಿಸಬಹುದು. ವಾರ್ಡಿನ ಮಾತು ‘ಮಗ್ಗುಲು ಬದಲಿಸುವುದು’. ಕನ್ನಡದಲ್ಲಿ ಬಳಸುವ ಪ್ರಶ್ನಾವಳಿಯನ್ನು ಕನ್ನಡ ಓದುವ ತಜ್ಞರಿಗೇ ತೋರಿಸಿ, ಆ ಪ್ರತಿಗೇ ಸಿವಿಐ ತೆಗೆಯಬೇಕು.

ಆಗ ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಬರೆಯಬಹುದಾದ ಸಾಲುಗಳು ಹೀಗಿರುತ್ತವೆ: ‘ಆರು ತಜ್ಞರು ಕನ್ನಡ ಪ್ರತಿಯನ್ನು ನಾಲ್ಕು ಅಂಕಗಳ ಅಳತೆಯಲ್ಲಿ ಎರಡು ಸುತ್ತು ಪರಿಶೀಲಿಸಿದರು. ಮೊದಲ ಸುತ್ತಿನಲ್ಲಿ ಹೇಳಿಕೆಗಳ ಸಿವಿಐ 0.33ರಿಂದ 1.00ರವರೆಗೆ ಇತ್ತು. ಒಂದು ಹೇಳಿಕೆಯನ್ನು ಕೈಬಿಟ್ಟು, ಒಂದನ್ನು ಎರಡಾಗಿ ಒಡೆದು, ತಜ್ಞರ ಸಲಹೆಯಂತೆ ಒಂದನ್ನು ಸೇರಿಸಲಾಯಿತು. ಅಂತಿಮ ಹನ್ನೊಂದು ಹೇಳಿಕೆಗಳ ಸಿವಿಐ 0.83ರಿಂದ 1.00, ಸರಾಸರಿ ವಿಧಾನದಲ್ಲಿ ಇಡೀ ಪ್ರಶ್ನಾವಳಿಯ ಸಿವಿಐ 0.95.’ ಇದಾದಮೇಲೆ ಪ್ರಶ್ನಾವಳಿಯನ್ನು ಕೆಲವು ದಾದಿಯರಿಗೆ ಕೊಟ್ಟು ಪೈಲಟ್ ಅಧ್ಯಯನ ಮಾಡಬೇಕು. ಅವರಿಗೆ ಪ್ರಶ್ನೆಗಳು ಅರ್ಥವಾಗುತ್ತವೆಯೇ, ಇನ್ನೊಮ್ಮೆ ಕೇಳಿದಾಗ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆಯೇ ಎಂಬುದನ್ನು ಸಿವಿಐ ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಲೆಕ್ಕ.